ಬೆವರು ಹೀರುವ ಬಟ್ಟೆ: ತೋಟದ ಸೆಖೆಗೆ ಯಾವುದು ಸರಿ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಏಪ್ರಿಲ್, ಮೇ ತಿಂಗಳಲ್ಲಿ ಮರಗಸಿ, ಕಳೆ ಕೆಲಸ ಅಂತ ಇರುವಾಗ ವಿಪರೀತ ಸೆಖೆ. ಕಾಟನ್ ಹಾಕಿದರೆ ಒದ್ದೆಯಾಗಿ ಭಾರ ಆಗುತ್ತೆ. ಹಾಸನದಲ್ಲಿ ಡ್ರೈ ಫಿಟ್ ಟೀ ಶರ್ಟ್ ತಂದೆ, ಬೆವರು ಎಳೆದು ಒಣಗಿಸುತ್ತೆ ಅಂದರು. ಮೊದಲು ಚೆನ್ನಾಗಿತ್ತು, ಸ್ವಲ್ಪ ಸಲ ಒಗೆದ ಮೇಲೆ ಮೈಗೆ ಅಂಟುತ್ತೆ, ವಾಸನೆ ಬೇರೆ. ಈಗ ನನಗೂ ಕೆಲಸದವರಿಗೂ ಒಟ್ಟಿಗೆ ಬಟ್ಟೆ ತರಬೇಕು. ಯಾವುದು ತಗೊಳ್ಳಲಿ?

ಉತ್ತರ: ತೋಟದ ಕೆಲಸಕ್ಕೆ ತೆಳುವಾದ, ನೇಯ್ದ ಹತ್ತಿ ಬಟ್ಟೆಯ ತುಂಬು ತೋಳಿನ ಶರ್ಟ್ ತಗೊಳ್ಳಿ. ಅಳತೆಗಿಂತ ಒಂದು ಸೈಜ್ ದೊಡ್ಡದಿರಲಿ. ಒಬ್ಬರಿಗೆ ಎರಡು ಕೊಡಿ, ಮಧ್ಯಾಹ್ನ ಊಟದ ಹೊತ್ತಿಗೆ ಒದ್ದೆಯಾದದ್ದನ್ನು ಬದಲಾಯಿಸಲಿ. ಡ್ರೈ ಫಿಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಗಾಳಿ ಬೇಕು. ನೀವು ಅದನ್ನು ಹಾಕಿಕೊಂಡು ನಿಂತ ಜಾಗದಲ್ಲಿ ಗಾಳಿಯೇ ಇಲ್ಲ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಅಂಗಡಿಯಲ್ಲಿ ಯಾರು ಏನೇ ಹೇಳಲಿ, ಬಟ್ಟೆಯನ್ನು ನೀವೇ ನೋಡಿ ತೀರ್ಮಾನಿಸಬಹುದು.

ಮೊದಲು ಬೆವರಿನ ವಿಷಯ. ಬೆವರು ಬಂದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ. ಅದು ಆವಿಯಾದಾಗ ಮಾತ್ರ ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಕತ್ತಿ ಹಿಡಿದು ಸಾಧಾರಣ ವೇಗದಲ್ಲಿ ಕೆಲಸ ಮಾಡುವ ಆಳಿನ ಮೈಯಲ್ಲಿ ಗಂಟೆಗೆ ಸುಮಾರು 250 ಕಿಲೋ ಕ್ಯಾಲೊರಿ ಶಾಖ ಹುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ಬೆವರು ಆವಿಯಾದರೂ ಸಾಕು, ಆ ಶಾಖವೆಲ್ಲ ಹೊರಗೆ ಹೋಗುತ್ತದೆ. ಆದರೆ ಸೆಖೆಯಲ್ಲಿ ಒಂದು ಲೀಟರ್ ಸುರಿದರೂ ಅರ್ಧ ಬರೀ ತೊಟ್ಟಿಕ್ಕಿ ಹೋಗುತ್ತದೆ, ಬಟ್ಟೆಯಲ್ಲಿ ನಿಲ್ಲುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ಮೈಗೆ ಏನೂ ಲಾಭವಿಲ್ಲ. ನೀರು, ಉಪ್ಪು ಎರಡೂ ನಷ್ಟ ಅಷ್ಟೆ.

ಬೆವರು ಎಷ್ಟು ಬೇಗ ಆವಿಯಾಗುತ್ತದೆ ಅನ್ನುವುದನ್ನು ನಿರ್ಧರಿಸುವುದು ಚರ್ಮದ ಹತ್ತಿರ ಇರುವ ಆವಿಯ ಒತ್ತಡಕ್ಕೂ ಹೊರಗಿನ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರ. ಫೋನಿನಲ್ಲಿ ತೋರಿಸುವ ಆರ್ದ್ರತೆಯ ಶೇಕಡಾ ಲೆಕ್ಕ ನೋಡಿದರೆ ಮಾತ್ರ ಸಾಲದು. ಒದ್ದೆ ಚರ್ಮ 35 ಡಿಗ್ರಿಯಲ್ಲಿದ್ದರೆ ಅಲ್ಲಿ ಆವಿಯ ಒತ್ತಡ 42 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಹಾಸನ ಪೇಟೆಯಲ್ಲಿ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲು, ಆರ್ದ್ರತೆ ಶೇ. 35 ಇದ್ದರೆ ಗಾಳಿಯಲ್ಲಿ ಅದು ಸುಮಾರು 14. ಅಂತರ 28. ಮಂಗಳೂರಿನಲ್ಲಿ 32 ಡಿಗ್ರಿ, ಶೇ. 70 ಇದ್ದರೆ ಗಾಳಿಯಲ್ಲಿ 25, ಅಂತರ 17. ಮಳೆ ಬಂದು ನಿಂತ ಮೇಲೆ ನಿಮ್ಮ ತೋಟದಲ್ಲಿ 27 ಡಿಗ್ರಿ, ಶೇ. 85 ಇದ್ದರೆ ಗಾಳಿಯಲ್ಲಿ 23 ಹತ್ತಿರ, ಅಂತರ 19.

ಇದನ್ನು ನೋಡಿದರೆ ನಿಮ್ಮ ತೋಟ ಮಂಗಳೂರಿಗಿಂತ ಸ್ವಲ್ಪ ಮೇಲು. ಆದರೂ ಅಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಅಲ್ವಾ? ಕಾರಣ ಗಾಳಿ. ಕಡಲ ತೀರದಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬೀಸುತ್ತದೆ. ತೋಟದಲ್ಲಿ ಮೇಲೆ ಸಿಲ್ವರ್ ಓಕ್ ಮತ್ತು ಕಾಡುಮರದ ನೆರಳು, ಕೆಳಗೆ ಎದೆಮಟ್ಟದ ಕಾಫಿ ಗಿಡ. ಗಿಡದ ಸಾಲಿನ ನಡುವೆ ಬಗ್ಗಿ ನಿಂತವನ ಮೈಗೆ ಗಾಳಿ ತಾಗುವುದೇ ಅಪರೂಪ. ಮೈ ಸುತ್ತ ಆವಿ ತುಂಬಿದ ಗಾಳಿ ಅಲ್ಲೇ ನಿಲ್ಲುತ್ತದೆ. ಆ ಗಾಳಿ ಸರಿದು ಹೊಸ ಗಾಳಿ ಬರದಿದ್ದರೆ ಲೆಕ್ಕದಲ್ಲಿ ಸಿಕ್ಕ 19ರ ಅಂತರ ಚರ್ಮದ ಹತ್ತಿರ ಉಳಿಯುವುದೇ ಇಲ್ಲ.

ಈಗ ಬಟ್ಟೆ ಬೆವರನ್ನು ಎಳೆಯುವುದು ಹೇಗೆ ಅಂತ ನೋಡೋಣ. ಇದನ್ನೇ ವಿಕಿಂಗ್ ಅನ್ನುತ್ತಾರೆ. ನೂಲು ಅಂದರೆ ನೂರಾರು ಸಣ್ಣ ಎಳೆಗಳ ಕಟ್ಟು. ಎಳೆ ಎಳೆಯ ನಡುವೆ ಕೂದಲಿಗಿಂತ ಸಣ್ಣ ಸಂದು ಇರುತ್ತದೆ. ಎಳೆಯ ಮೈಗೆ ನೀರು ಹಿಡಿದುಕೊಂಡರೆ ಆ ಸಂದಿನಲ್ಲಿ ನೀರು ತಾನೇ ಹರಿದು ಮುಂದೆ ಹೋಗುತ್ತದೆ. ಸಂದು ಸಣ್ಣದಾದಷ್ಟೂ ಎಳೆಯುವ ಬಲ ಜಾಸ್ತಿ, ಆದರೆ ಹರಿಯುವ ವೇಗ ಕಡಿಮೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೆಯೇ. ಬತ್ತಿಯ ತುದಿಯಲ್ಲಿ ಉರಿ ಇರುವ ತನಕ ಎಣ್ಣೆ ಏರುತ್ತಲೇ ಇರುತ್ತದೆ. ಉರಿ ಆರಿದರೆ ಬತ್ತಿ ಎಣ್ಣೆಯಲ್ಲಿ ನೆನೆದು ಸುಮ್ನೆ ನಿಲ್ಲುತ್ತದೆ. ಬಟ್ಟೆಯಲ್ಲಿ ಆ ಉರಿಯ ಕೆಲಸ ಮಾಡುವುದು ಹೊರಗಿನ ಗಾಳಿ. ಹೊರ ಮೈಯಲ್ಲಿ ಬೆವರು ಒಣಗುತ್ತಿದ್ದರೆ ಒಳಗಿನಿಂದ ಹೊಸ ಬೆವರು ಬರುತ್ತದೆ. ಒಣಗುವುದು ನಿಂತರೆ ಸಂದುಗಳೆಲ್ಲ ತುಂಬಿ ಎಳೆಯುವುದೂ ನಿಲ್ಲುತ್ತದೆ.

ಬೆವರು ಎಳೆಯುವ ಬಟ್ಟೆ ಬೆವರನ್ನು ಮಾಯ ಮಾಡುವುದಿಲ್ಲ. ಬೆನ್ನಿನಲ್ಲಿ ಒಂದು ಕಡೆ ಬಂದ ಬೆವರನ್ನು ದೊಡ್ಡ ಜಾಗಕ್ಕೆ ತೆಳುವಾಗಿ ಹರಡುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಒದ್ದೆ ಗುರುತು ಇಪ್ಪತ್ತು ಸೆಂಟಿಮೀಟರ್ ಅಗಲಕ್ಕೆ ಹರಡಿದರೆ ಒಣಗಲು ಸಿಗುವ ಜಾಗ ನಾಲ್ಕು ಪಟ್ಟು. ಅದೇ ನೀರು ಹೆಚ್ಚೂಕಡಿಮೆ ಕಾಲು ಭಾಗ ಸಮಯದಲ್ಲಿ ಒಣಗುತ್ತದೆ. ಈ ಬಟ್ಟೆಯ ಲಾಭ ಇರುವುದು ಇಷ್ಟರಲ್ಲೇ. ಬೈಕಿನಲ್ಲಿ ಹೋಗುವಾಗ, ಓಡುವಾಗ, ಮುಳ್ಳಯ್ಯನಗಿರಿಯ ಗಾಳಿಯಲ್ಲಿ ಹತ್ತುವಾಗ ಈ ಲಾಭ ದೊಡ್ಡದು. ಅಂಥ ಕಡೆ ಒದ್ದೆ ಕಾಟನ್ ಹಾಕಿಕೊಂಡು ತುದಿಯಲ್ಲಿ ಕೂತರೆ ಚಳಿ ಹಿಡಿಯುತ್ತದೆ, ಡ್ರೈ ಫಿಟ್ ಬೇಗ ಒಣಗುತ್ತದೆ. ಗಾಳಿಯಿಲ್ಲದ ಕಾಫಿ ಸಾಲಿನಲ್ಲಿ ಹರಡಿದ ಬೆವರು ಹರಡಿಕೊಂಡೇ ಇರುತ್ತದೆ. ಮೊದಲು ಬೆನ್ನು ಮಾತ್ರ ಒದ್ದೆ ಇತ್ತು, ಈಗ ಶರ್ಟ್ ಪೂರ್ತಿ ಒದ್ದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಸೂಕ್ಷ್ಮ ಇದೆ. ಬೆವರು ಚರ್ಮದ ಮೇಲೆಯೇ ಆವಿಯಾದರೆ ಶಾಖ ಬಹುಪಾಲು ಮೈಯಿಂದ ಹೋಗುತ್ತದೆ. ಬಟ್ಟೆಯ ಹೊರ ಮೈಗೆ ಹೋಗಿ ಅಲ್ಲಿ ಆವಿಯಾದರೆ ಅದಕ್ಕೆ ಬೇಕಾದ ಶಾಖದಲ್ಲಿ ಒಂದು ಪಾಲನ್ನು ಹೊರಗಿನ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಬಟ್ಟೆ ದಪ್ಪವಾದಷ್ಟೂ ಮೈಗೆ ಸಿಗುವ ತಂಪು ಕಡಿಮೆ. ಹಾಗಾಗಿ ಬೆವರು ಬೇಗ ಒಣಗಿತು ಅನ್ನುವುದೂ ಮೈ ಅಷ್ಟೇ ತಣ್ಣಗಾಯಿತು ಅನ್ನುವುದೂ ಒಂದೇ ಅಲ್ಲ. ಬಟ್ಟೆ ತೆಳುವಾಗಿರಬೇಕು ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಹತ್ತಿ ಮತ್ತು ಪಾಲಿಯೆಸ್ಟರ್ ನಡುವಿನ ವ್ಯತ್ಯಾಸ ಎಳೆಯ ಒಳಗೇ ಇದೆ. ಸಾಧಾರಣ ಹವೆಯಲ್ಲಿ ಸುಮ್ನೆ ಇಟ್ಟ ನೂರು ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಸುಮಾರು ಎಂಟು ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ನೂರು ಗ್ರಾಂ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಂ ಕೂಡ ಇಲ್ಲ. ಹತ್ತಿಯ ಎಳೆಯೊಳಗೆ ನೀರು ಹೋಗುತ್ತದೆ, ಎಳೆ ಉಬ್ಬುತ್ತದೆ, ಎಳೆಗಳ ನಡುವಿನ ಸಂದು ಕಿರಿದಾಗುತ್ತದೆ. ಅದಕ್ಕೇ ನೆನೆದ ಹತ್ತಿ ಬಟ್ಟೆಯಲ್ಲಿ ಗಾಳಿ ಆಡುವುದು ಕಡಿಮೆ, ಒಣಗುವುದು ನಿಧಾನ. ಆದರೆ ಸ್ವಲ್ಪವೇ ಬೆವರಿದಾಗ ಹತ್ತಿ ಅದನ್ನು ಎಳೆಯೊಳಗೆ ಇಟ್ಟುಕೊಂಡು ಚರ್ಮಕ್ಕೆ ಒಣಗಿದ ಹಾಗೆ ಅನಿಸುವಂತೆ ಮಾಡುತ್ತದೆ. ಮನೆಯಲ್ಲಿ, ಆಫೀಸಿನಲ್ಲಿ ಕಾಟನ್ ಹಿತ ಅನಿಸುವುದು ಇದರಿಂದ.

ಪಾಲಿಯೆಸ್ಟರ್ ಎಳೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ಲ ನೀರೂ ಸಂದುಗಳಲ್ಲೇ ಇರುತ್ತದೆ, ಆದ್ದರಿಂದ ಗಾಳಿ ಸಿಕ್ಕರೆ ಬೇಗ ಬಿಟ್ಟು ಹೋಗುತ್ತದೆ. ತೊಂದರೆ ಏನೆಂದರೆ ಬರೀ ಪಾಲಿಯೆಸ್ಟರ್ ಮೈಗೆ ನೀರು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಹನಿ ಹನಿಯಾಗಿ ಮೇಲೆಯೇ ನಿಲ್ಲುತ್ತದೆ. ಇದನ್ನು ಸರಿಮಾಡಲು ಎರಡು ದಾರಿ. ಒಂದು, ಎಳೆಯ ಆಕಾರವನ್ನೇ ಬದಲಾಯಿಸುವುದು. ಡ್ಯುಪಾಂಟ್ ಕಂಪನಿ 1986ರಲ್ಲಿ ಕೂಲ್‌ಮ್ಯಾಕ್ಸ್ ಅನ್ನುವ ಪಾಲಿಯೆಸ್ಟರ್ ಎಳೆ ತಂದಿತು. ಎಳೆ ದುಂಡಗಿಲ್ಲದೆ ಉದ್ದಕ್ಕೂ ಕಾಲುವೆ ತೆಗೆದ ಹಾಗೆ ಇರುತ್ತದೆ, ನೀರು ಆ ಕಾಲುವೆಯಲ್ಲಿ ಹರಿಯುತ್ತದೆ. ಒಗೆದರೆ ಆಕಾರ ಹೋಗುವುದಿಲ್ಲ. ಎರಡನೆಯದು ಅಗ್ಗದ ದಾರಿ: ಸಾಧಾರಣ ಪಾಲಿಯೆಸ್ಟರ್ ಬಟ್ಟೆಗೆ ನೀರು ಹಿಡಿಸುವ ರಾಸಾಯನಿಕ ಲೇಪನ ಕೊಡುವುದು. ಹೊಸದರಲ್ಲಿ ಇದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲೇಪನ ಕಳಪೆಯಾದರೆ ಒಗೆದ ಹಾಗೆಲ್ಲ ಸವೆದು ಹೋಗುತ್ತದೆ. ನಿಮ್ಮ ಟೀ ಶರ್ಟ್ ಮೊದಲು ಚೆನ್ನಾಗಿದ್ದು ಆಮೇಲೆ ಅಂಟತೊಡಗಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೆ.

ಆದರೆ ಅನುಮಾನದ ಮೇಲೆ ಬಿಸಾಡಬೇಡಿ. ಒಂದು ಪರೀಕ್ಷೆ ಮಾಡಿ. ಮಕ್ಕಳ ಔಷಧಿ ಹಾಕುವ ಡ್ರಾಪರ್ ತಗೊಳ್ಳಿ. ಒಗೆದು ಒಣಗಿಸಿದ ಟೀ ಶರ್ಟನ್ನು ಒಳಮೈ ಮೇಲೆ ಮಾಡಿ, ಪಾತ್ರೆಯ ಬಾಯಿಗೆ ಸಡಿಲವಾಗಿ ಹರಡಿ. ಕಂಕುಳ ಹತ್ತಿರ ಒಂದು ಹನಿ, ಬೆನ್ನಿನ ನಡುವೆ ಒಂದು ಹನಿ, ಕೆಳಗಿನ ಅಂಚಿನ ಹತ್ತಿರ ಒಂದು ಹನಿ ಬಿಡಿ. ಒಳ್ಳೆಯ ಬಟ್ಟೆಯಾದರೆ ಹನಿ ಕೆಲವೇ ಸೆಕೆಂಡಿನಲ್ಲಿ ಇಳಿದು ಅಗಲವಾಗಿ ಹರಡುತ್ತದೆ.

ಅಂಚಿನಲ್ಲಿ ಹನಿ ಇಳಿದು ಕಂಕುಳಲ್ಲಿ ಮಣಿಯ ಹಾಗೆ ನಿಂತರೆ ಲೇಪನ ಇನ್ನೂ ಇದೆ, ಮೈಯ ಎಣ್ಣೆ ಮತ್ತು ಡಿಯೋಡರೆಂಟ್ ಕೂತಿದೆ ಅಂತ ಅರ್ಥ. ಪಾಲಿಯೆಸ್ಟರ್ ನೀರಿಗೆ ಬೆನ್ನು ಹಾಕುತ್ತದೆ, ಎಣ್ಣೆಯನ್ನು ಮಾತ್ರ ಬಿಡದೆ ಹಿಡಿದುಕೊಳ್ಳುತ್ತದೆ. ನೀವು ಹೇಳಿದ ವಾಸನೆಗೂ ಇದೇ ಕಾರಣ. ಆ ಎಣ್ಣೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ತಣ್ಣೀರಲ್ಲಿ ಮೇಲಿಂದ ಮೇಲೆ ಒಗೆದರೆ ಹೋಗುವುದಿಲ್ಲ. ಬಟ್ಟೆಯನ್ನು ಒಳಮಗ್ಗಲು ಹೊರಗೆ ಮಾಡಿ, ಕೈಗೆ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಎರಡು ಸಲ ಜಾಲಿಸಿ. ಬೆವರಿದ ಬಟ್ಟೆಯನ್ನು ಮೂಟೆ ಕಟ್ಟಿ ಮರುದಿನದ ತನಕ ಇಡಬೇಡಿ.

ಮೂರೂ ಕಡೆ ಹನಿ ನಿಂತರೆ ಎರಡು ಸಾಧ್ಯತೆ. ಬಟ್ಟೆ ಮೆದುವಾಗಲಿ, ಘಮಘಮ ಅನ್ನಲಿ ಅಂತ ಕೊನೆಯ ನೀರಿಗೆ ಹಾಕುವ ದ್ರವ ಇದೆಯಲ್ಲ, ಅದನ್ನು ಬಳಸುತ್ತಿದ್ದೀರಾ ನೋಡಿ. ಅದು ಎಳೆಯ ಮೇಲೆ ಜಿಡ್ಡಿನ ತೆಳು ಪದರ ಬಿಡುತ್ತದೆ. ಕೈಗೆ ನುಣುಪು, ಬೆವರಿಗೆ ಗೋಡೆ. ಅದನ್ನು ನಿಲ್ಲಿಸಿ, ಬೆಚ್ಚಗಿನ ನೀರಿನಲ್ಲಿ ಬರೀ ಸೋಪಿನ ಪುಡಿಯಿಂದ ಎರಡು ಮೂರು ಸಲ ಒಗೆದು ಮತ್ತೆ ಹನಿ ಬಿಡಿ. ಆಗ ಇಳಿದರೆ ಬಟ್ಟೆ ಬದುಕಿತು. ಆಗಲೂ ನಿಂತರೆ ಲೇಪನ ಹೋಗಿದೆ. ಆ ಟೀ ಶರ್ಟ್‌ನಿಂದ ಇನ್ನು ಬೆವರು ಎಳೆಯುವ ಕೆಲಸ ಆಗುವುದಿಲ್ಲ. ಮಳೆಗಾಲದಲ್ಲಿ ಮನೆಯಲ್ಲಿ ಹಾಕಿಕೊಳ್ಳಬಹುದು, ಬೇಗ ಒಣಗುತ್ತದೆ.

ಒಂದು ವೇಳೆ ಮೂರೂ ಕಡೆ ಹನಿ ಚೆನ್ನಾಗಿ ಇಳಿಯುತ್ತಿದೆ, ಆದರೂ ಮೈಗೆ ಅಂಟುತ್ತಿದೆ ಅಂತಾದರೆ ತಪ್ಪು ಬಟ್ಟೆಯದ್ದಲ್ಲ, ಅಳತೆಯದ್ದು ಮತ್ತು ಜಾಗದ್ದು. ನುಣುಪಾದ ಹೆಣಿಗೆ ಬಟ್ಟೆ ಒದ್ದೆಯಾದ ಚರ್ಮಕ್ಕೆ ತಾಗಿದ ಕೂಡಲೇ ನಡುವೆ ನೀರಿನ ಪದರ ನಿಂತು ಎರಡನ್ನೂ ಹಿಡಿದಿಡುತ್ತದೆ. ಒಮ್ಮೆ ಅಂಟಿದರೆ ಒಳಗೆ ಗಾಳಿ ಹೋಗಲು ದಾರಿಯೇ ಇಲ್ಲ.

ತೋಟಕ್ಕೆ ಶರ್ಟ್ ಆರಿಸುವಾಗ ಇದೇ ಮುಖ್ಯ. ಹತ್ತಿಯೋ ಪಾಲಿಯೆಸ್ಟರೋ ಅನ್ನುವುದಕ್ಕಿಂತ ಬಟ್ಟೆ ಮೈಯಿಂದ ದೂರ ನಿಲ್ಲುತ್ತದೆಯೇ, ಅದರೊಳಗೆ ಗಾಳಿ ಆಡುತ್ತದೆಯೇ ಅನ್ನುವುದನ್ನು ಮೊದಲು ನೋಡಬೇಕು. ಸಡಿಲ ಶರ್ಟಿನಲ್ಲಿ ಕೈ ಎತ್ತಿ ಕೊಂಬೆ ಕಡಿದಾಗಲೆಲ್ಲ ಒಳಗಿನ ತೇವದ ಗಾಳಿ ಕುತ್ತಿಗೆಯಿಂದ, ಕೆಳಗಿನ ಅಂಚಿನಿಂದ ಹೊರಗೆ ಹೋಗುತ್ತದೆ, ಹೊಸ ಗಾಳಿ ಒಳಗೆ ಬರುತ್ತದೆ. ಬೀಸುವ ಗಾಳಿ ಇಲ್ಲದ ಕಡೆ ಕೆಲಸಗಾರನ ಮೈಯ ಚಲನೆಯೇ ಗಾಳಿ ಹುಟ್ಟಿಸಬೇಕು. ಅದಕ್ಕೆ ಜಾಗ ಬೇಕು. ಒಂದು ಸೈಜ್ ದೊಡ್ಡದು ತಗೊಳ್ಳಿ ಅಂದದ್ದು ಇದಕ್ಕೇ. ಶರ್ಟನ್ನು ಪ್ಯಾಂಟಿನ ಒಳಗೆ ಸಿಕ್ಕಿಸದೆ ಹೊರಗೆ ಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಕಳೆ ಕತ್ತರಿಸುವ ಯಂತ್ರ ಅಥವಾ ಮರಗಸಿಗೆ ಮೋಟಾರ್ ಗರಗಸ ಹಿಡಿಯುವವರಿಗೆ ಈ ಮಾತು ಬೇಡ. ಅವರ ಬಟ್ಟೆ ಎಲ್ಲೂ ಜೋತಾಡಬಾರದು, ಅವರಿಗೆ ಸುರಕ್ಷತೆ ಮೊದಲು, ತಂಪು ಆಮೇಲೆ. ಅವರು ಆಗಾಗ ನಿಲ್ಲಿಸಿ ಕೂರಲಿ.

ಬಟ್ಟೆಯ ತೂಕವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಅಂಗಡಿಯಲ್ಲಿ ಸಿಗುವ ದಪ್ಪ ಕಾಟನ್ ಟೀ ಶರ್ಟ್ 180ರ ಆಸುಪಾಸು ಇರುತ್ತದೆ. ತೆಳುವಾದ ಪಾಪ್ಲಿನ್ ಅಥವಾ ಕೇಂಬ್ರಿಕ್ ಶರ್ಟ್ ಬಟ್ಟೆ 100ರಿಂದ 120. ಹತ್ತಿಯಲ್ಲಿ ನಿಲ್ಲುವ ನೀರು ಹೆಚ್ಚೂಕಡಿಮೆ ಅದರ ತೂಕಕ್ಕೆ ತಕ್ಕ ಹಾಗೆ ಇರುತ್ತದೆ. ಆದ್ದರಿಂದ ಒಂದೇ ಅಗಲದ ಬಟ್ಟೆಯಲ್ಲಿ 180ರ ಬದಲು 110 ಹಾಕಿದರೆ ನಿಲ್ಲುವ ಬೆವರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಒದ್ದೆಯಾಗಿ ಭಾರ ಆಗುತ್ತೆ ಅಂತ ನೀವು ಬೇಸರಪಟ್ಟ ಕಾಟನ್ ಬಹುಶಃ ದಪ್ಪ ಹೆಣಿಗೆಯದ್ದೇ. ಅದನ್ನು ನೋಡಿ ಹತ್ತಿಯನ್ನೇ ಬಿಟ್ಟುಬಿಡುವುದು ಬೇಡ.

ಇನ್ನೂ ತೆಳುವಾದ ಮಲ್‌ಮಲ್ ಸೆಖೆಗೆ ತುಂಬಾ ಚೆನ್ನ, ಆದರೆ ತೋಟಕ್ಕೆ ಆಗುವುದಿಲ್ಲ. ಕಾಫಿ ಗಿಡದ ಕೊಂಬೆಗೆ ಸಿಕ್ಕಿ ಹರಿಯುತ್ತದೆ, ಸೊಳ್ಳೆ ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಚಗಳಿ ಇರುವೆ ಇರುವ ಗಿಡಕ್ಕೆ ಕೈ ಹಾಕುವವರಿಗೆ ತುಂಬು ತೋಳು, ಸ್ವಲ್ಪ ಬಿಗಿ ನೇಯ್ಗೆ ಬೇಕೇ ಬೇಕು. ಹಾಗಾಗಿ 110ರ ಆಸುಪಾಸಿನ ಸಾದಾ ನೇಯ್ಗೆ ಈ ಎಲ್ಲದರ ನಡುವೆ ನನಗೆ ಸರಿ ಕಾಣುತ್ತದೆ. ಖಾದಿ ತಗೊಂಡರೂ ಆದೀತು. ಕೈನೂಲಿನ ಏರುಪೇರಿನಿಂದ ಅದು ಚರ್ಮಕ್ಕೆ ಪೂರ್ತಿ ಅಂಟುವುದಿಲ್ಲ, ಅದು ದೊಡ್ಡ ಗುಣ. ತೆಳು ಖಾದಿಯನ್ನೇ ಕೇಳಿ, ದಪ್ಪದ್ದು ನೆನೆದರೆ ಸಂಜೆಯ ತನಕ ಒಣಗುವುದಿಲ್ಲ. ಲಿನನ್ ಗಡುಸಾಗಿ ಮೈಯಿಂದ ದೂರ ನಿಲ್ಲುವ ಒಳ್ಳೆಯ ಬಟ್ಟೆ, ಆದರೆ ಅದರ ಬೆಲೆ ತೋಟದ ಕೆಲಸಕ್ಕೆ ಅಲ್ಲ. ರೇಯಾನ್ ಮೆದು, ಬೆವರನ್ನೂ ಚೆನ್ನಾಗಿ ಹೀರುತ್ತದೆ, ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಮೈಗೆ ಜೋತು ಬೀಳುತ್ತದೆ. ಬಿದಿರಿನ ಬಟ್ಟೆ ಅಂತ ಮಾರುವುದೂ ಬಹುಪಾಲು ಇದೇ ಜಾತಿ.

ಒಟ್ಟಿಗೆ ಬಟ್ಟೆ ಕೊಳ್ಳುವವರಿಗೆ ಅಂಗಡಿಯವರು ಟೆರಿಕಾಟ್ ತೋರಿಸಿಯೇ ತೋರಿಸುತ್ತಾರೆ. ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ. ಹರಿಯುವುದಿಲ್ಲ, ಸುಕ್ಕಾಗುವುದಿಲ್ಲ, ವರ್ಷಗಟ್ಟಲೆ ಬರುತ್ತದೆ, ಅದೆಲ್ಲ ನಿಜ. ಆದರೆ ಯೂನಿಫಾರಂ ಬಟ್ಟೆಯ ನೇಯ್ಗೆ ಸಾಮಾನ್ಯವಾಗಿ ಒತ್ತಾಗಿರುತ್ತದೆ, ಗಾಳಿ ಆಡುವುದಿಲ್ಲ. ಕೆಲಸದವರಿಗೆ ಮೇ ತಿಂಗಳಲ್ಲಿ ಅದನ್ನು ಹೊಲಿಸಿ ಕೊಡುವುದು ಅವರಿಗೆ ಹಿಂಸೆ. ದಯವಿಟ್ಟು ಬೇಡ.

ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಆ ಕಡೆ ಇಟ್ಟ ಅಂಗೈಗೆ ಉಸಿರು ಸರಾಗವಾಗಿ ತಾಗಬೇಕು. ಬೆಳಕಿಗೆ ಹಿಡಿದರೆ ನೂಲುಗಳ ನಡುವೆ ಸಣ್ಣ ಸಣ್ಣ ಬೆಳಕಿನ ಚುಕ್ಕಿ ಕಾಣಬೇಕು. ಹನಿ ಪರೀಕ್ಷೆಯನ್ನು ಮಾತ್ರ ಹೊಸ ಹತ್ತಿ ಬಟ್ಟೆಗೆ ಅಂಗಡಿಯಲ್ಲಿ ಮಾಡಬೇಡಿ. ಮಗ್ಗದಲ್ಲಿ ನೂಲಿಗೆ ಹಾಕಿದ ಗಂಜಿ ಮತ್ತು ಮೇಲಿನ ಫಿನಿಶ್ ಪೂರ್ತಿ ಹೋಗಿಲ್ಲದಿದ್ದರೆ ಒಳ್ಳೆಯ ಹತ್ತಿಯ ಮೇಲೂ ಹನಿ ನಿಲ್ಲುತ್ತದೆ. ಒಂದೆರಡು ಸಲ ಒಗೆದ ಮೇಲೆ ಮಾಡಿದರೆ ಸರಿಯಾದ ಉತ್ತರ ಸಿಗುತ್ತದೆ. ಇದೇ ಕಾರಣಕ್ಕೆ ಕೆಲಸದ ಶರ್ಟಿಗೆ ಗಂಜಿ ಹಾಕುವುದೂ ಬೇಡ. ಗಂಜಿ ಬಟ್ಟೆಯನ್ನು ಗಡುಸು ಮಾಡಿ ಮೈಯಿಂದ ದೂರ ನಿಲ್ಲಿಸುತ್ತದೆ, ಹಬ್ಬಕ್ಕೆ, ಸಭೆಗೆ ಅದು ಹಿತ. ಬೆವರು ಸುರಿಯುವ ಕೆಲಸದಲ್ಲಿ ಕರಗಿ ಅಂಟಾಗುತ್ತದೆ, ಬಟ್ಟೆಯ ಸಂದುಗಳನ್ನೂ ಮುಚ್ಚುತ್ತದೆ.

ಒಳಗೆ ಬನಿಯನ್ ಬೇಕೇ ಅಂತ ಮುಂದೆ ಕೇಳುತ್ತೀರಿ. ಸಾದಾ ಬನಿಯನ್ ಅಂದರೆ ಇನ್ನೊಂದು ಪದರ, ಗಾಳಿಯಿಲ್ಲದ ಕಡೆ ಅದು ಹೊರೆ. ಜಾಲರಿ ಬನಿಯನ್ ಬೇರೆ. ಅದರ ದಾರದ ಗಂಟುಗಳು ಒದ್ದೆ ಶರ್ಟನ್ನು ಬೆನ್ನಿಗೆ ತಾಗದಂತೆ ಎತ್ತಿ ಹಿಡಿಯುತ್ತವೆ, ತೂತುಗಳಲ್ಲಿ ಚರ್ಮ ಗಾಳಿಗೆ ತೆರೆದೇ ಇರುತ್ತದೆ. ಬೆನ್ನಿಗೆ ಶರ್ಟ್ ಅಂಟುವುದು ನಿಮಗೆ ತೀರಾ ಕಿರಿಕಿರಿ ಅನಿಸಿದರೆ ಇದನ್ನು ಹಾಕಿ ನೋಡಿ.

ಹತ್ತಾರು ಶರ್ಟ್ ಒಟ್ಟಿಗೆ ಕೊಳ್ಳುವ ಮೊದಲು ಎರಡು ಬಗೆಯದ್ದನ್ನು ಒಂದೊಂದು ತಂದು ಮನೆಯಲ್ಲೇ ಹೋಲಿಸಿ. ಅಡುಗೆಮನೆಯ ಗ್ರಾಂ ತಕ್ಕಡಿ ಸಾಕು. ಎರಡನ್ನೂ ಒಮ್ಮೆ ಒಗೆದು ಪೂರ್ತಿ ಒಣಗಿಸಿ ತೂಕ ಬರೆದಿಡಿ. ಎರಡರ ಬೆನ್ನಿನ ನಡುವೆಯೂ 50 ಮಿಲಿಲೀಟರ್ ನೀರು ನಿಧಾನವಾಗಿ ಸುರಿಯಿರಿ. ಒದ್ದೆ ಗುರುತು ಎಷ್ಟು ಅಗಲವಾಯಿತು ನೋಡಿಕೊಳ್ಳಿ. ಆಮೇಲೆ ಹ್ಯಾಂಗರಿನಲ್ಲಿ ಜಗಲಿಯ ನೆರಳಿನಲ್ಲಿ ನೇತು ಹಾಕಿ, ಅರ್ಧ ಗಂಟೆಗೊಮ್ಮೆ ತೂಗಿ. ಬಿಸಿಲು ಕಾಯುವ ದಿನ ಈ ಕೆಲಸ ಮಾಡಬೇಡಿ, ಆಗ ಎಲ್ಲ ಬಟ್ಟೆಯೂ ಒಣಗುತ್ತದೆ. ಮಳೆ ಬಂದು ನಿಂತ ಸಂಜೆ, ಗಾಳಿ ಅಲುಗದ ಹೊತ್ತು ಮಾಡಿ. ಆಮೇಲೆ ಇನ್ನೊಂದು ಸಲ ಅದೇ ಎರಡು ಶರ್ಟನ್ನು ಟೇಬಲ್ ಫ್ಯಾನ್ ಮುಂದೆ ಇಟ್ಟು ತೂಗಿ. ಗಾಳಿಯಿಲ್ಲದಾಗ ಎರಡರ ನಡುವೆ ಕಂಡ ಅಂತರಕ್ಕೂ ಫ್ಯಾನ್ ಇದ್ದಾಗಿನ ಅಂತರಕ್ಕೂ ಇರುವ ವ್ಯತ್ಯಾಸ ನೋಡಿದರೆ ನಾನು ಇಷ್ಟು ಹೊತ್ತು ಹೇಳಿದ್ದು ತಕ್ಕಡಿಯಲ್ಲೇ ಕಾಣುತ್ತದೆ.

ಕೊಳ್ಳುವುದಾದರೆ ಡ್ರೈ ಫಿಟ್‌ನಲ್ಲೂ ಒಳ್ಳೆಯದು ಯಾವುದು ಅಂತ ಗೊತ್ತಿರಲಿ, ಬೈಕಿಗೆ, ಪೇಟೆಗೆ ಹೋಗಲು ಬೇಕಾಗುತ್ತದೆ. ಒಳಮೈಯಲ್ಲಿ ದಪ್ಪ ಎಳೆ, ಹೊರಮೈಯಲ್ಲಿ ಸಣ್ಣ ಎಳೆ ಇರುವ ಹೆಣಿಗೆ ಮಾಡುತ್ತಾರೆ. ಹೊರಗಿನ ಸಂದು ಸಣ್ಣದಾದ್ದರಿಂದ ಅಲ್ಲಿ ಎಳೆಯುವ ಬಲ ಜಾಸ್ತಿ, ಬೆವರು ಚರ್ಮದ ಕಡೆಯಿಂದ ಹೊರಗೆ ಹೋಗುತ್ತದೆ. ಒಳಮೈಗೆ ಹನಿ ಬಿಟ್ಟು ಒಂದು ನಿಮಿಷ ಬಿಟ್ಟು ನೋಡಿ. ಒಳಗಿನ ಗುರುತು ಚಿಕ್ಕದಾಗಿ, ಹೊರಗಿನ ಗುರುತು ದೊಡ್ಡದಾಗಿ ಇದ್ದರೆ ಅದು ಆ ಬಗೆಯ ಹೆಣಿಗೆ. ಎರಡೂ ಕಡೆ ಒಂದೇ ಅಳತೆ ಇದ್ದರೆ ಸಾದಾ ಬಟ್ಟೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಜೂನ್ ಬಂದ ಮೇಲೆ ಕತೆ ಬೇರೆ. ಪ್ಲಾಸ್ಟಿಕ್ ರೈನ್‌ಕೋಟಿನ ಒಳಗೆ ಯಾವ ಬಟ್ಟೆ ಹಾಕಿದರೂ ಆವಿಗೆ ಹೊರಗೆ ಹೋಗಲು ದಾರಿ ಇಲ್ಲ. ಕೆಲಸ ಮಾಡಿದವನು ಒಳಗೇ ನೆನೆಯುತ್ತಾನೆ, ಕೋಟು ಸೋರುತ್ತಿದೆ ಅಂದುಕೊಳ್ಳುತ್ತಾನೆ. ಸೋರುತ್ತಿದೆಯೋ ಬೆವರೋ ಅಂತ ತಿಳಿಯಬೇಕಾದರೆ ಕೋಟನ್ನು ಮಳೆಯಲ್ಲಿ ಬಕೆಟ್ ಮೇಲೆ ಹರಡಿ ಬಿಟ್ಟು, ಒಳಗೆ ನೀರು ಬಂತೇ ನೋಡಿದರೆ ಆಯಿತು. ಮಲೆನಾಡಿನ ಹಳೆಯ ಗೊರಬೆ ಈ ವಿಷಯದಲ್ಲಿ ರೈನ್‌ಕೋಟಿಗಿಂತ ಮೇಲು ಅಂತ ನನ್ನ ಅಭಿಪ್ರಾಯ. ತಲೆ, ಬೆನ್ನು ಮುಚ್ಚುತ್ತದೆ, ಮುಂದೆ ಪೂರ್ತಿ ತೆರೆದಿರುತ್ತದೆ, ಬೆನ್ನಿಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ. ಬಗ್ಗಿ ನಾಟಿ ಮಾಡುವವರಿಗೆ ಅದು ಹೊಂದುತ್ತಿತ್ತು. ಕಾಫಿ ಸಾಲಿನ ನಡುವೆ ಅದನ್ನು ಹಾಕಿಕೊಂಡು ನುಗ್ಗುವುದು ಕಷ್ಟ. ನೀವು ರೈನ್‌ಕೋಟ್ ಕೊಳ್ಳುವಾಗ ಕಂಕುಳಲ್ಲಿ ಗಾಳಿಕಿಂಡಿ, ಬೆನ್ನಿನ ಮೇಲ್ಭಾಗದಲ್ಲಿ ಮುಚ್ಚಿಗೆಯ ಕೆಳಗೆ ಜಾಲರಿ ಇರುವುದನ್ನು ಆರಿಸಿ. ಆ ಎರಡು ಇರದಿದ್ದರೆ ಮುಂದಿನ ಗುಂಡಿಗಳನ್ನು ಮೇಲೆ ಒಂದು ಮಾತ್ರ ಹಾಕಿ ಕೆಳಗೆ ಬಿಟ್ಟುಕೊಳ್ಳಲು ಕೆಲಸದವರಿಗೆ ಹೇಳಿ. ಈ ತಿಂಗಳುಗಳಲ್ಲಿ ಒಳಗೆ ಹಾಕಲು ನೀವು ತಂದ ಡ್ರೈ ಫಿಟ್ ಟೀ ಶರ್ಟೇ ಹತ್ತಿಗಿಂತ ವಾಸಿ. ತಂಪಾಗಿಡುವುದಿಲ್ಲ, ಆದರೆ ರಾತ್ರಿ ಒಲೆಯ ಹತ್ತಿರದ ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಬೆಂಕಿಗೆ ತೀರಾ ಹತ್ತಿರ ಮಾತ್ರ ಹಾಕಬೇಡಿ, ಪಾಲಿಯೆಸ್ಟರ್ ಕರಗುತ್ತದೆ.